ಕರೆಂಟಾ, ನಾನ್-ಕರೆಂಟಾ? ಸಾಲ ಯಾವ ಕಾಲಂಗೆ ಹೋಗತ್ತೆ ಅನ್ನೋದ್ರ ಮೇಲೆ ಕರೆಂಟ್ ರೇಶಿಯೋ ಹೇಗೆ ಬದಲಾಗತ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಫ್ಯಾಕ್ಟರಿ ನಡೆಸೋರು, ಅಕೌಂಟ್ಸ್ ನೋಡ್ಕೊಳ್ಳೋ ಹುಡುಗರು, ಬಿಕಾಂ, ಸಿಎ ಇಂಟರ್ ಓದ್ತಿರೋರು ಇದೇ ವಿಷಯವನ್ನ ಬೇರೆ ಬೇರೆ ಥರ ಕೇಳ್ತಾನೇ ಇರ್ತಾರೆ, ಅದಕ್ಕೆ ಎಲ್ಲಾ ಒಂದೇ ಕಡೆ ಹಾಕಿದೀನಿ. ಪ್ರಶ್ನೆಗಳು ಅವರು ಕೇಳಿದ ಮಾತಲ್ಲೇ ಇವೆ. ಉದಾಹರಣೆಗೆ ಇಟ್ಕೊಂಡಿರೋದು ಪೀಣ್ಯ ಕಡೆ ಇರಬಹುದಾದ ಒಂದು ಮಷೀನಿಂಗ್ ಪ್ರೈವೇಟ್ ಲಿಮಿಟೆಡ್ ಕಂಪನಿ, ಕಂಪನಿ ಕಾಲ್ಪನಿಕ, ನಂಬರ್‌ಗಳು ನಾನೇ ಇಟ್ಟಿದ್ದು, ಆದ್ರೆ ಇಂಥ ಬ್ಯಾಲೆನ್ಸ್ ಶೀಟ್ ಎಲ್ಲಾ ಆಡಿಟರ್ ಆಫೀಸಲ್ಲೂ ಸಿಗತ್ತೆ.

## ಬೇಸಿಕ್

ಒಂದು ವರ್ಷದ ಒಳಗೆ ಕೊಡಬೇಕಾದ್ದು ಕರೆಂಟ್, ಆಮೇಲೆ ಕೊಡೋದು ನಾನ್-ಕರೆಂಟ್. ಅಷ್ಟೇ ತಾನೆ ಸರ್?

ಮುಕ್ಕಾಲು ಭಾಗ ಅಷ್ಟೇ. ಆದ್ರೆ ಜಗಳ ಬರೋದು ಉಳಿದ ಕಾಲು ಭಾಗದಲ್ಲಿ.

ಕಂಪನಿ ಕಾಯ್ದೆ 2013ರ ಶೆಡ್ಯೂಲ್ 3 ನಾಲ್ಕು ದಾರಿ ಹೇಳತ್ತೆ, ನಾಲ್ಕರಲ್ಲಿ ಯಾವುದಾದ್ರೂ ಒಂದು ಹೊಂದಿದ್ರೂ ಆ ಬಾಕಿ ಕರೆಂಟ್. ಬ್ಯಾಲೆನ್ಸ್ ಶೀಟ್ ತಾರೀಖಿಂದ 12 ತಿಂಗಳ ಒಳಗೆ ಕೊಡಬೇಕಾದ್ದು ಒಂದು. ಕಂಪನಿಯ ಮಾಮೂಲಿ ಆಪರೇಟಿಂಗ್ ಸೈಕಲ್ ಒಳಗೆ ತೀರೋವಂಥದ್ದು ಇನ್ನೊಂದು, ಸೈಕಲ್ ಅಂದ್ರೆ ಕಚ್ಚಾ ಮಾಲು ಬಂದ ದಿನದಿಂದ ಅದು ಮತ್ತೆ ದುಡ್ಡಾಗಿ ಕೈಗೆ ಬರೋ ತನಕ. ಟ್ರೇಡಿಂಗ್‌ಗೆ ಅಂತಲೇ ಇಟ್ಕೊಂಡಿರೋದು ಮೂರನೇದು, ಸಣ್ಣ ಕಂಪನಿಗಳಿಗೆ ಇದು ಬರೋದೇ ಅಪರೂಪ. ನಾಲ್ಕನೇದೇ ಎಲ್ಲರೂ ಮರೆಯೋದು: ಮುಂದಿನ 12 ತಿಂಗಳು ಕೊಡದೇ ಮುಂದೂಡೋ ಹಕ್ಕು, ಯಾವ ಷರತ್ತೂ ಇಲ್ಲದ ಹಕ್ಕು, ಕಂಪನಿಗೆ ಇಲ್ಲ ಅಂದ್ರೂ ಅದು ಕರೆಂಟೇ.

ಹಾಗಾಗಿ "ನಾವು ಯಾವಾಗ ಕೊಡ್ತೀವಿ" ಅಂತ ಕೇಳ್ಕೊಂಡ್ರೆ ಉತ್ತರ ತಪ್ಪಾಗತ್ತೆ, "ಅವರು ಕೇಳಿದ್ರೆ ನಾವು ಇಲ್ಲ ಅನ್ನಬಹುದಾ" ಅಂತ ಕೇಳ್ಕೋಬೇಕು.

ಕರೆಂಟ್ ರೇಶಿಯೋ ಒಂದ್ಸಲ ನಂಬರ್ ಇಟ್ಟು ತೋರಿಸಿ, ಥಿಯರಿ ಬೇಡ.

ಸರಿ. 2025 ಮಾರ್ಚ್ 31ಕ್ಕೆ ನಮ್ಮ ಮಷೀನಿಂಗ್ ಕಂಪನಿ ಹತ್ರ ಇರೋ ಕರೆಂಟ್ ಅಸೆಟ್: ಸ್ಟಾಕ್ 90 ಲಕ್ಷ, ಗಿರಾಕಿಗಳಿಂದ ಬರಬೇಕಾದ್ದು 110 ಲಕ್ಷ, ಕ್ಯಾಶ್ ಮತ್ತು ಬ್ಯಾಂಕಲ್ಲಿ 8 ಲಕ್ಷ, ಜಿಎಸ್‌ಟಿ ಕ್ರೆಡಿಟ್, ಸಪ್ಲೈಯರ್‌ಗೆ ಕೊಟ್ಟ ಅಡ್ವಾನ್ಸ್ ಇಂಥದ್ದೆಲ್ಲ 12 ಲಕ್ಷ. ಒಟ್ಟು 220 ಲಕ್ಷ.

ಈ ಕಡೆ ಸಪ್ಲೈಯರ್‌ಗಳಿಗೆ 70 ಲಕ್ಷ, ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಅಂದ್ರೆ ಸಿಸಿ 60 ಲಕ್ಷ, ಸಂಬಳ, ಪಿಎಫ್, ಜಿಎಸ್‌ಟಿ, ಟಿಡಿಎಸ್ ಬಾಕಿ 10 ಲಕ್ಷ, ಗಿರಾಕಿಗಳಿಂದ ಪಡೆದ ಅಡ್ವಾನ್ಸ್ 10 ಲಕ್ಷ. ಒಟ್ಟು 150 ಲಕ್ಷ. ಇದರ ಜೊತೆಗೆ ಮಷೀನ್ ಮೇಲಿನ ಟರ್ಮ್ ಲೋನ್ 100 ಲಕ್ಷ ಬಾಕಿ, ಡೈರೆಕ್ಟರ್ ಹಾಕಿರೋ ಸಾಲ 40 ಲಕ್ಷ, ಇವೆರಡನ್ನೂ ಸದ್ಯಕ್ಕೆ ಲಾಂಗ್ ಟರ್ಮ್ ಅಂತ ಪಕ್ಕಕ್ಕೆ ಇಡೋಣ.

```
Current Ratio = Current Assets / Current Liabilities
              = 220 / 150 = 1.47

Quick Ratio   = (110 + 8) / 150 = 0.79
```

ಕ್ವಿಕ್ ರೇಶಿಯೋಲಿ ಸ್ಟಾಕು, ಅಡ್ವಾನ್ಸು ಬಿಟ್ಟಿದೀನಿ, ಯಾಕಂದ್ರೆ ಅರ್ಧ ಆದ ಜಾಬ್‌ನ ಯಾರೂ ನಾಳೆ ಬೆಳಿಗ್ಗೆ ಕೊಂಡ್ಕೊಳ್ಳಲ್ಲ. ಈ 1.47 ನೋಡಿ ಓನರ್ ಖುಷಿಯಾಗಿರ್ತಾರೆ. ಪಕ್ಕಕ್ಕಿಟ್ಟ ಆ 140 ಲಕ್ಷದಲ್ಲಿ ಎಷ್ಟು ಈ ಕಡೆ ಬರತ್ತೆ ಅನ್ನೋದೇ ಇನ್ಮುಂದಿನ ಕತೆ. ಒಂದು ಗಮನಿಸಿ, ಆ ಕಾಲಂನಿಂದ ಈ ಕಾಲಂಗೆ ಹಾಕಿದ್ರೆ ಒಟ್ಟು ಕೊಡಬೇಕಾದ್ದು ಬದಲಾಗಲ್ಲ, ಮೊದಲೂ 290 ಲಕ್ಷ, ಕೊನೆಗೂ 290 ಲಕ್ಷವೇ.

ಟ್ಯಾಲಿಲಿ ರೇಶಿಯೋ ಅನಾಲಿಸಿಸ್ ಓಪನ್ ಮಾಡಿದ್ರೆ 2.44 ತೋರಿಸ್ತಿದೆ, ಬ್ಯಾಂಕಿನವರು ಅದರ ಅರ್ಧ ಹೇಳ್ತಾರೆ. ಯಾರ ಲೆಕ್ಕ ಸರಿ?

ಟ್ಯಾಲಿ ಕೂಡಿಸೋದ್ರಲ್ಲಿ ತಪ್ಪು ಮಾಡಿಲ್ಲ, ನೀವು ಯಾವ ಗ್ರೂಪಲ್ಲಿ ಲೆಡ್ಜರ್ ಇಟ್ಟಿದೀರೋ ಅದನ್ನೇ ಲೆಕ್ಕ ಹಾಕಿದೆ. ಟ್ಯಾಲಿಲಿ ಸಿಸಿ ಅಕೌಂಟು `Bank OD A/c` ಗ್ರೂಪಲ್ಲಿ ಕೂರತ್ತೆ, ಆ ಗ್ರೂಪು `Loans (Liability)` ಕೆಳಗೆ ಬರತ್ತೆ, `Current Liabilities` ಕೆಳಗಲ್ಲ. ರೇಶಿಯೋಗೆ ಟ್ಯಾಲಿ ತಗೊಳ್ಳೋದು `Current Liabilities` ಗ್ರೂಪ್ ಮಾತ್ರ. ಹಾಗಾಗಿ ನಮ್ಮ ಕಂಪನಿಯ 60 ಲಕ್ಷ ಸಿಸಿ ಅಲ್ಲೇ ಬಿಟ್ಟುಹೋಯ್ತು, ಉಳಿದದ್ದು 90 ಲಕ್ಷ, 220ನ್ನ 90ರಿಂದ ಭಾಗಿಸಿದ್ರೆ 2.44.

ಟರ್ಮ್ ಲೋನಿನ ಮುಂದಿನ ವರ್ಷದ ಕಂತುಗಳನ್ನೂ ಟ್ಯಾಲಿ ತಾನಾಗೇ ಒಡೆದು ಹಾಕಲ್ಲ, ಒಂದು ಲೆಡ್ಜರ್ ಒಂದು ಗ್ರೂಪಲ್ಲಿ ಮಾತ್ರ ಇರತ್ತೆ. ಇನ್ನೊಂದು ಕಿರಿಕಿರಿ ಅಂದ್ರೆ ಅಡ್ವಾನ್ಸ್ ಕೊಟ್ಟ ಗಿರಾಕಿ. ಅವರ ಲೆಡ್ಜರ್ `Sundry Debtors` ಒಳಗೆ ಕ್ರೆಡಿಟ್ ಬ್ಯಾಲೆನ್ಸಲ್ಲಿ ಕೂತಿದ್ರೆ ಬರಬೇಕಾದ್ದರಲ್ಲಿ ಅಷ್ಟು ಕಳೆದುಹೋಗಿರತ್ತೆ, ಕೊಡಬೇಕಾದ್ದರ ಕಡೆ ಕಾಣೋದೇ ಇಲ್ಲ. ರಾಮನಿಗೆ ಕೊಡಬೇಕಾದ ಮಾಲಿನ ಅಡ್ವಾನ್ಸನ್ನ ಭೀಮನಿಂದ ಬರಬೇಕಾದ ದುಡ್ಡಲ್ಲಿ ಕಳೆಯೋ ಹಾಗಿಲ್ಲ, ಎರಡನ್ನೂ ಬೇರೆ ಬೇರೆ ತೋರಿಸಬೇಕು. ಬ್ಯಾಂಕಿಗೆ ಹೋಗೋವಾಗ ಟ್ಯಾಲಿ ರೇಶಿಯೋ ಪ್ರಿಂಟ್ ತಗೊಂಡು ಹೋಗ್ಬೇಡಿ, ಅಷ್ಟೇ ಹೇಳೋದು.

ಐದು ವರ್ಷದ ಟರ್ಮ್ ಲೋನು, ಅದು ಪೂರ್ತಿ ಲಾಂಗ್ ಟರ್ಮ್ ಅಲ್ವಾ? ಆಡಿಟರ್ ಯಾಕೆ ಎರಡು ತುಂಡು ಮಾಡ್ತಾರೆ?

ಸಾಲ ತಗೊಂಡಾಗ ಎಷ್ಟು ವರ್ಷ ಅಂತ ಇತ್ತು ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ, ಇವತ್ತಿಂದ ಯಾವ ಕಂತು ಯಾವಾಗ ಬೀಳತ್ತೆ ಅನ್ನೋದೇ ಲೆಕ್ಕ. ನಮ್ಮ ಕಂಪನಿ ತಿಂಗಳಿಗೆ 2 ಲಕ್ಷ ಅಸಲು ಕಟ್ಟತ್ತೆ ಅಂದ್ಕೊಳ್ಳಿ, ಏಪ್ರಿಲ್‌ನಿಂದ ಮುಂದಿನ ಮಾರ್ಚ್ ತನಕ 24 ಲಕ್ಷ, ಇಷ್ಟು ಕರೆಂಟು, ಉಳಿದ 76 ಲಕ್ಷ ನಾನ್-ಕರೆಂಟು. ಕರೆಂಟ್ ಲಯಬಿಲಿಟಿ 150 ಇದ್ದದ್ದು 174 ಆಯ್ತು, 220/174, ರೇಶಿಯೋ 1.26ಕ್ಕೆ ಇಳೀತು. ಕ್ವಿಕ್ ರೇಶಿಯೋ 0.68.

ಇಲ್ಲಿ ಎಡವೋದು ಇಎಂಐ ವಿಷಯದಲ್ಲಿ. ಇಎಂಐನ ಹನ್ನೆರಡರಿಂದ ಗುಣಿಸಿ ಹಾಕಿಬಿಡ್ತಾರೆ, ಅದರಲ್ಲಿ ಮುಂದಿನ ವರ್ಷದ ಬಡ್ಡಿನೂ ಸೇರಿರತ್ತೆ, ಆ ಬಡ್ಡಿ ಇನ್ನೂ ಹುಟ್ಟೇ ಇಲ್ಲ, ಅದು ಈ ಮಾರ್ಚ್‌ನ ಬಾಕಿ ಅಲ್ಲ. ಬ್ಯಾಂಕಿಂದ ರೀಪೇಮೆಂಟ್ ಶೆಡ್ಯೂಲ್ ತರಿಸ್ಕೊಂಡು ಅಸಲಿನ ಕಾಲಂ ಮಾತ್ರ ಕೂಡಿ. ಮಾರ್ಚ್ 31ರ ತನಕ ಆಗಿ ಇನ್ನೂ ಕಟ್ಟದ ಬಡ್ಡಿ ಇದ್ರೆ ಅದು ಬೇರೆ, ಅದು ಕರೆಂಟೇ.

ಹಳೇ ಬ್ಯಾಲೆನ್ಸ್ ಶೀಟ್ ಓದೋರಿಗೆ ಒಂದು ಮಾತು. 2021 ಮಾರ್ಚಲ್ಲಿ ಶೆಡ್ಯೂಲ್ 3 ತಿದ್ದುಪಡಿ ಆಗಿ, ಲಾಂಗ್ ಟರ್ಮ್ ಸಾಲದ ಈ ಒಂದು ವರ್ಷದ ಭಾಗವನ್ನ ಶಾರ್ಟ್ ಟರ್ಮ್ ಬಾರೋಯಿಂಗ್ಸ್ ಕೆಳಗೆ ತೋರಿಸಬೇಕಾಯ್ತು, ಅದಕ್ಕೂ ಮುಂಚೆ ಅದು "ಇತರೆ ಕರೆಂಟ್ ಲಯಬಿಲಿಟಿ" ಅನ್ನೋ ಗುಂಪಲ್ಲಿ ಬಚ್ಚಿಟ್ಕೊಂಡಿರ್ತಿತ್ತು. ಎರಡೂ ಕಡೆ ಕರೆಂಟೇ, ರೇಶಿಯೋಗೆ ವ್ಯತ್ಯಾಸ ಇಲ್ಲ. ಕಣ್ಣಿಗೆ ಬೀಳೋ ಜಾಗ ಮಾತ್ರ ಬದಲಾಗಿದ್ದು.

ಸಿಸಿ ಅಕೌಂಟು ಹತ್ತು ವರ್ಷದಿಂದ ನಡೀತಿದೆ, ಯಾವತ್ತೂ 50 ಲಕ್ಷಕ್ಕಿಂತ ಕೆಳಗೆ ಬಂದಿಲ್ಲ. ಅದನ್ನೂ ಶಾರ್ಟ್ ಟರ್ಮ್ ಅಂದ್ರೆ ಹೇಗೆ?

ವ್ಯವಹಾರದಲ್ಲಿ ನೀವು ಹೇಳೋದು ನಿಜ, ಆ 50 ಲಕ್ಷ ಕಾಯಂ ಆಗಿ ಕೂತಿರೋ ದುಡ್ಡು. ಆದ್ರೆ ಸ್ಯಾಂಕ್ಷನ್ ಲೆಟರ್ ತೆಗೆದು ಓದಿ, "ರೀಪೇಯಬಲ್ ಆನ್ ಡಿಮಾಂಡ್" ಅಂತ ಇರತ್ತೆ, ವರ್ಷಕ್ಕೊಂದು ಸಲ ರಿನ್ಯೂವಲ್ ಅಂತನೂ ಇರತ್ತೆ. ಬ್ಯಾಂಕು ರಿನ್ಯೂ ಮಾಡದೇ ಇರೋ ಹಕ್ಕನ್ನ ತನ್ನ ಹತ್ರ ಇಟ್ಕೊಂಡಿದೆ, ಮುಂದೂಡೋ ಹಕ್ಕು ನಿಮ್ಮ ಹತ್ರ ಇಲ್ಲ. ಹತ್ತು ವರ್ಷ ಕೇಳಿಲ್ಲ ಅನ್ನೋದು ಅವರ ಒಳ್ಳೇತನ, ನಿಮ್ಮ ಹಕ್ಕಲ್ಲ. ಹಾಗಾಗಿ ಪೂರ್ತಿ 60 ಲಕ್ಷವೂ ಕರೆಂಟ್.

ರೇಶಿಯೋ ಓದೋರಿಗೆ ಇದು ಒಂದು ಮಿತಿ ಅಂತ ತಿಳ್ಕೊಳ್ಳಿ. ಸಿಸಿ ಜಾಸ್ತಿ ಇರೋ ಆರೋಗ್ಯವಾದ ಫ್ಯಾಕ್ಟರಿ ಕಾಗದದ ಮೇಲೆ ಸ್ವಲ್ಪ ಬಿಗಿಯಾಗೇ ಕಾಣತ್ತೆ.

## ಬ್ಯಾಂಕಿನ ಮುಂದೆ ಕೂತಾಗ ಬರೋ ಪ್ರಶ್ನೆಗಳು

ನಮ್ಮ ತಂದೆ ಕಂಪನಿಗೆ 40 ಲಕ್ಷ ಹಾಕಿದಾರೆ, ವಾಪಸ್ ಕೇಳೋ ಮಾತೇ ಇಲ್ಲ. ಆಡಿಟರ್ ಅದನ್ನ ಶಾರ್ಟ್ ಟರ್ಮ್‌ಗೆ ಹಾಕಿ ರೇಶಿಯೋ ಹಾಳು ಮಾಡಿಬಿಟ್ರು. ಏನ್ ಮಾಡೋದು?

ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಲ್ಲ. ಆಡಿಟರ್‌ನ ಬೈಯೋ ಮುಂಚೆ ನೀವೇ ಒಂದು ಹುಡುಕಿ: ಆ ಸಾಲಕ್ಕೆ ಕಾಗದ ಏನಿದೆ? ಸಾಮಾನ್ಯವಾಗಿ ಏನೂ ಇರಲ್ಲ, ಬ್ಯಾಂಕ್ ಟ್ರಾನ್ಸ್‌ಫರ್ ಎಂಟ್ರಿ ಒಂದು, ಲೆಡ್ಜರ್ ಒಂದು. ಯಾವಾಗ ವಾಪಸ್ ಅಂತ ಬರೆದಿಲ್ಲ ಅಂದ್ರೆ ಕೇಳಿದಾಗ ಕೊಡಬೇಕು ಅಂತಲೇ ಅರ್ಥ, ತಂದೆ ಕೇಳಲ್ಲ ಅನ್ನೋದು ಮನೆ ಮಾತು, ಕಂಪನಿಯ ಕಾನೂನು ಹಕ್ಕಲ್ಲ. ಆಗ 174ಕ್ಕೆ 40 ಸೇರಿ 214, ರೇಶಿಯೋ 220/214, ಅಂದ್ರೆ 1.03. ಕ್ವಿಕ್ ರೇಶಿಯೋ 0.55. ಒಂದು ಕಾಗದ ಇಲ್ಲದೇ ಇರೋದಕ್ಕೆ 1.26 ಹೋಗಿ 1.03 ಆಯ್ತು.

ಪರಿಹಾರ ಕಷ್ಟ ಏನಿಲ್ಲ, ಆದ್ರೆ ಟೈಮಿಗೆ ಮಾಡಬೇಕು. ಕಂಪನಿಗೂ ತಂದೆಗೂ ಮಧ್ಯೆ ಒಂದು ಸಾಲದ ಒಪ್ಪಂದ, ಅದರಲ್ಲಿ ಇಂಥ ತಾರೀಖಿನ ತನಕ ಕೇಳೋ ಹಾಗಿಲ್ಲ ಅಂತ ಸ್ಪಷ್ಟವಾಗಿ, ಆ ತಾರೀಖು ಬ್ಯಾಲೆನ್ಸ್ ಶೀಟ್ ದಿನದಿಂದ 12 ತಿಂಗಳಿಗಿಂತ ಆಚೆ ಇರಬೇಕು, ಬೋರ್ಡ್ ರೆಸಲ್ಯೂಶನ್ ಇರಬೇಕು, ಇದೆಲ್ಲ ಮಾರ್ಚ್ 31ಕ್ಕೆ ಮುಂಚೆ ಸಹಿ ಆಗಿರಬೇಕು. ಆಗಸ್ಟಲ್ಲಿ ಆಡಿಟ್ ನಡೀತಿರೋವಾಗ ಮಾರ್ಚ್ ತಾರೀಖು ಹಾಕಿ ಕಾಗದ ತರೋರೂ ಇದಾರೆ, ಸ್ಟಾಂಪ್ ಪೇಪರ್ ತಾರೀಖೇ ಸಾಕು ಸಿಕ್ಕಿಬೀಳೋಕೆ.

ಬ್ಯಾಂಕಿನವರು ಇದರ ಮೇಲೆ ಇನ್ನೊಂದು ಪತ್ರ ಕೇಳ್ತಾರೆ, ನಮ್ಮ ಸಾಲ ತೀರೋ ತನಕ ಈ ದುಡ್ಡು ವಾಪಸ್ ತಗೊಳ್ಳಲ್ಲ ಅಂತ. ಅದು ಕೊಟ್ರೆ ಎಷ್ಟೋ ಬ್ಯಾಂಕು ಆ 40 ಲಕ್ಷವನ್ನ ಸಾಲ ಅಂತ ನೋಡದೇ ಬಂಡವಾಳದ ಥರ ನೋಡ್ತಾರೆ. ಕೊಟ್ಟಮೇಲೆ ಮಾತು ಉಳಿಸ್ಕೋಬೇಕು ಮತ್ತೆ, ಮಧ್ಯದಲ್ಲಿ ಮಗಳ ಮದುವೆಗೆ ಅಂತ ಹತ್ತು ಲಕ್ಷ ತೆಗೆದ್ರೆ ಮುಂದಿನ ರಿನ್ಯೂವಲ್‌ನಲ್ಲಿ ಮೊದಲು ಕೇಳೋದೇ ಅದು.

1.33 ಇರಲೇಬೇಕು ಅಂತಾರಲ್ಲ, ಆ ನಂಬರ್ ಯಾರು ಕಂಡುಹಿಡಿದಿದ್ದು?

ಅದು ಆಕಾಶದಿಂದ ಬಿದ್ದದ್ದಲ್ಲ, ಸರಳ ಗಣಿತ. ರಿಸರ್ವ್ ಬ್ಯಾಂಕ್ 1974ರಲ್ಲಿ ಪ್ರಕಾಶ್ ಟಂಡನ್ ಅಧ್ಯಕ್ಷತೆಯಲ್ಲಿ ಒಂದು ಅಧ್ಯಯನ ತಂಡ ಮಾಡಿತ್ತು, ಅವರ 1975ರ ವರದಿಯಲ್ಲಿ ವರ್ಕಿಂಗ್ ಕ್ಯಾಪಿಟಲ್ ಸಾಲ ಎಷ್ಟು ಕೊಡಬಹುದು ಅಂತ ಮೂರು ವಿಧಾನ ಹೇಳಿದ್ರು. ಎರಡನೇ ವಿಧಾನದಲ್ಲಿ ಒಟ್ಟು ಕರೆಂಟ್ ಅಸೆಟ್‌ನ ಕಾಲು ಭಾಗ ಓನರ್ ತನ್ನ ಲಾಂಗ್ ಟರ್ಮ್ ದುಡ್ಡಿಂದ ತರಬೇಕು. ನೂರು ರೂಪಾಯಿ ಅಸೆಟ್ ಇದ್ರೆ 25 ಅವನದ್ದು, 75 ಮಾತ್ರ ಕರೆಂಟ್ ಲಯಬಿಲಿಟಿ. ನೂರನ್ನ 75ರಿಂದ ಭಾಗಿಸಿ, 1.33.

ನಮ್ಮ ಕಂಪನಿಗೆ ಹಾಕಿ ನೋಡೋಣ. 220ರ ಕಾಲು ಭಾಗ 55, ಅಂದ್ರೆ ಕರೆಂಟ್ ಲಯಬಿಲಿಟಿ 165 ಮೀರಬಾರದು. ತಂದೆ ಸಾಲಕ್ಕೆ ಸರಿಯಾದ ಕಾಗದ ಇದ್ರೆ 174 ಇದೆ, 9 ಲಕ್ಷ ಕೊರತೆ, ಅಷ್ಟು ಬಂಡವಾಳ ತಂದು ಸಿಸಿಗೆ ಕಟ್ಟಿದ್ರೆ ಮುಗೀತು. ಕಾಗದ ಇಲ್ಲ ಅಂದ್ರೆ 214, ಕೊರತೆ 49 ಲಕ್ಷ. ಅದೇ ಫ್ಯಾಕ್ಟರಿ, ಅದೇ ದುಡ್ಡು.

ಸಣ್ಣ ಉದ್ಯಮಗಳಿಗೆ ನಾಯಕ್ ಸಮಿತಿಯ ಟರ್ನೋವರ್ ವಿಧಾನ ಇದೆ, ಅಂದಾಜು ಟರ್ನೋವರ್‌ನ ಶೇಕಡ 25 ವರ್ಕಿಂಗ್ ಕ್ಯಾಪಿಟಲ್ ಬೇಕು ಅಂತ ಹಿಡಿದು, 20 ಬ್ಯಾಂಕು, 5 ಓನರ್. ಅಲ್ಲಿ 25/20, ಅಂದ್ರೆ 1.25 ಬರತ್ತೆ. 1997ರಲ್ಲಿ ರಿಸರ್ವ್ ಬ್ಯಾಂಕ್ ಟಂಡನ್ ಸೂತ್ರದ ಕಡ್ಡಾಯ ತೆಗೆದು, ಹೇಗೆ ಲೆಕ್ಕ ಹಾಕ್ಬೇಕು ಅನ್ನೋದನ್ನ ಬ್ಯಾಂಕುಗಳಿಗೇ ಬಿಟ್ಟುಬಿಡ್ತು, ಆದ್ರೂ 1.33 ಹಲವು ಬ್ಯಾಂಕುಗಳ ಸಾಲ ನೀತಿಯಲ್ಲಿ ಹಾಗೇ ಉಳ್ಕೊಂಡಿದೆ. ಟರ್ಮ್ ಲೋನಿನ ಒಂದು ವರ್ಷದ ಕಂತನ್ನ ಸೇರಿಸಿ ಒಂದು ರೇಶಿಯೋ, ಬಿಟ್ಟು ಒಂದು ರೇಶಿಯೋ ನೋಡೋ ಬ್ಯಾಂಕೂ ಇವೆ, ಆ ಕಂತು ಮುಂದಿನ ವರ್ಷದ ಲಾಭದಿಂದ ತೀರತ್ತೆ, ಸ್ಟಾಕ್ ಮಾರಿ ತೀರಿಸೋದಲ್ಲ ಅನ್ನೋ ವಾದ. ನಿಮ್ಮ ಬ್ಯಾಂಕಿನ ಆಫೀಸರ್‌ನ ನೇರವಾಗಿ ಕೇಳಿ ಯಾವುದು ಅಂತ.

ಗ್ರಾಚ್ಯುಟಿ, ರಜೆ ಸಂಬಳ, ಡೀಲರ್ ಡೆಪಾಸಿಟ್, ಇವು ಎಲ್ಲಿಗೆ?

ಗ್ರಾಚ್ಯುಟಿ ಒಡೆಯತ್ತೆ, ಮುಂದಿನ ವರ್ಷ ಕೊಡಬೇಕಾಗೋ ಭಾಗ ಕರೆಂಟು ಉಳಿದದ್ದು ನಾನ್-ಕರೆಂಟು, ಈ ಬಾಕಿ ಅಂದಾಜು ಮಾಡೋ ತಜ್ಞ ಆಕ್ಚುಯರಿಯ ವರದಿಲೇ ಎರಡೂ ನಂಬರ್ ಕೊಟ್ಟಿರ್ತಾರೆ.

ರಜೆ ಸಂಬಳ ನಿಮ್ಮ ಕಂಪನಿ ರೂಲ್ ಮೇಲೆ. ನೌಕರ ಯಾವಾಗ ಬೇಕಾದ್ರೂ ರಜೆ ಹಾಕಬಹುದು ಇಲ್ಲಾ ಎನ್‌ಕ್ಯಾಶ್ ಮಾಡ್ಕೋಬಹುದು ಅಂತಿದ್ರೆ, ಅವನು ಮುಂದಿನ ಹತ್ತು ವರ್ಷ ಮಾಡಲ್ಲ ಅಂತ ನಿಮಗೆ ಗೊತ್ತಿದ್ರೂ ತಡೆಯೋ ಹಕ್ಕು ನಿಮಗಿಲ್ಲ, ಪೂರ್ತಿ ಕರೆಂಟ್.

ಡೀಲರ್ ಡೆಪಾಸಿಟ್‌ಗೂ ಅದೇ ಪರೀಕ್ಷೆ, ಡೀಲರ್ ಒಂದು ತಿಂಗಳ ನೋಟಿಸ್ ಕೊಟ್ಟು ಬಿಟ್ಟುಹೋಗಬಹುದು ಅಂತ ಅಗ್ರಿಮೆಂಟಲ್ಲಿದ್ರೆ ಕರೆಂಟ್.

ಮಾರ್ಚ್ ಕೊನೆ ವಾರದಲ್ಲಿ ಕಲೆಕ್ಷನ್ ಜೋರು ಮಾಡಿ ಸಿಸಿಗೆ ಕಟ್ಟಿಬಿಟ್ರೆ ರೇಶಿಯೋ ಏರತ್ತಂತೆ, ನಿಜಾನಾ?

ರೇಶಿಯೋ ಒಂದಕ್ಕಿಂತ ಮೇಲಿದ್ರೆ ಏರತ್ತೆ, ಕೆಳಗಿದ್ರೆ ಇಳಿಯತ್ತೆ. 220/174 ಇರೋವಾಗ 30 ಲಕ್ಷ ಕಲೆಕ್ಟ್ ಮಾಡಿ ಸಿಸಿಗೆ ಹಾಕಿದ್ರೆ 190/144, 1.26 ಹೋಗಿ 1.32. ಎರಡೂ ಕಡೆ 30 ಕಳೆದಿದೀವಿ, ಮಧ್ಯದ ವ್ಯತ್ಯಾಸ 46 ಲಕ್ಷ ಮೊದಲೂ ಅಷ್ಟೇ ಈಗಲೂ ಅಷ್ಟೇ. ಅದೇ 220/290 ಇದ್ದ ಕಂಪನಿ ಹೀಗೇ ಮಾಡಿದ್ರೆ 190/260, 0.76 ಇದ್ದದ್ದು 0.73 ಆಗತ್ತೆ, ಸಾಲ ತೀರಿಸಿದ್ದಕ್ಕೆ ರೇಶಿಯೋ ಬಿತ್ತು.

ನಿಜವಾದ ಕಲೆಕ್ಷನ್ ಮಾಡಿ ಕಟ್ಟೋದ್ರಲ್ಲಿ ತಪ್ಪೇನಿಲ್ಲ. ಆದ್ರೆ ಮಾರ್ಚ್ 29ಕ್ಕೆ ಕಟ್ಟಿ ಏಪ್ರಿಲ್ 3ಕ್ಕೆ ವಾಪಸ್ ಎಳೆಯೋದು ಸಿಸಿ ಸ್ಟೇಟ್‌ಮೆಂಟಲ್ಲಿ ನೇರವಾಗಿ ಕಾಣತ್ತೆ, ಬ್ಯಾಂಕಿನವರು ಅದನ್ನ ದಿನಾ ನೋಡೋರು. ಅದಕ್ಕೇ ರೇಶಿಯೋ ಜೊತೆ ವ್ಯತ್ಯಾಸದ ಮೊತ್ತವನ್ನೂ, ಅಂದ್ರೆ ನೆಟ್ ವರ್ಕಿಂಗ್ ಕ್ಯಾಪಿಟಲ್‌ನೂ ನೋಡಬೇಕು ಅನ್ನೋದು, ಅದನ್ನ ಈ ಥರ ಉಬ್ಬಿಸೋಕೆ ಆಗಲ್ಲ.

## ಸ್ವಲ್ಪ ಆಳಕ್ಕೆ

ಲಾಭ ಇದೆ, ಆರ್ಡರ್ ಇದೆ, ಆದ್ರೂ ವರ್ಷದಿಂದ ವರ್ಷಕ್ಕೆ ಕರೆಂಟ್ ರೇಶಿಯೋ ಇಳೀತಿದೆ. ಎಲ್ಲಿ ಸೋರ್ತಿದೆ?

ಬಹುಪಾಲು ಸಲ ಉತ್ತರ ಫಿಕ್ಸೆಡ್ ಅಸೆಟ್ ಶೆಡ್ಯೂಲಲ್ಲಿರತ್ತೆ. ಆ ವರ್ಷ ಎಷ್ಟು ಮಷೀನ್ ಕೊಂಡ್ರಿ, ಅದಕ್ಕೆ ಹೊಸ ಟರ್ಮ್ ಲೋನು, ಹೊಸ ಬಂಡವಾಳ, ಆ ವರ್ಷದ ಲಾಭ ಮತ್ತು ಡಿಪ್ರಿಸಿಯೇಶನ್ ಎಲ್ಲಾ ಕೂಡಿದ್ರೆ ಎಷ್ಟು ಬಂತು, ಅದರಲ್ಲಿ ಹಳೇ ಟರ್ಮ್ ಲೋನಿನ ಕಂತು ಕಳೆದು ಹೋಲಿಸಿ. ಕೊಂಡದ್ದು ಜಾಸ್ತಿ ಇದ್ರೆ, ಮಿಕ್ಕಿದ್ದು ಸಿಸಿಯಿಂದನೋ ಸಪ್ಲೈಯರ್‌ಗೆ ಕೊಡದೇ ಉಳಿಸಿದ ದುಡ್ಡಿಂದನೋ ಹೋಗಿದೆ ಅಂತ ಅರ್ಥ. ಕೇಳಿದ ತಕ್ಷಣ ಕೊಡಬೇಕಾದ ಸಾಲದಲ್ಲಿ ಹತ್ತು ವರ್ಷ ಓಡೋ ಮಷೀನ್ ಕೊಂಡಂಗಾಯ್ತು. ಬ್ಯಾಂಕಿನ ಭಾಷೇಲಿ ಇದಕ್ಕೆ ಡೈವರ್ಶನ್ ಅಂತಾರೆ.

ನಮ್ಮ ಕಂಪನಿಯ 60 ಲಕ್ಷ ಸಿಸಿಯಲ್ಲಿ 30 ಲಕ್ಷ ಹೀಗೆ ಒಂದು ವಿಎಂಸಿ ಮಷೀನಿಗೆ ಹೋಗಿದೆ ಅಂದ್ಕೊಳ್ಳಿ. ಮೊದಲೇ ಅದಕ್ಕೆ ಐದು ವರ್ಷದ ಟರ್ಮ್ ಲೋನ್ ತಗೊಂಡಿದ್ರೆ ಸಿಸಿ 30ಕ್ಕೆ ನಿಲ್ತಿತ್ತು, ಹೊಸ ಲೋನಿನ ಒಂದು ವರ್ಷದ ಕಂತು 6 ಲಕ್ಷ ಕರೆಂಟಿಗೆ ಬರ್ತಿತ್ತು. ಕರೆಂಟ್ ಲಯಬಿಲಿಟಿ 174ರ ಬದಲು 150, ರೇಶಿಯೋ 1.26ರ ಬದಲು 1.47. ಬಡ್ಡಿ ದರ ಅರ್ಧ ಪರ್ಸೆಂಟ್ ಕಮ್ಮಿ ಅಂತ, ಇಲ್ಲಾ ಹೊಸ ಲೋನಿನ ಓಡಾಟ ಯಾಕೆ ಅಂತ ಸಿಸಿಲೇ ಮಷೀನ್ ಕೊಂಡೋರು ಆಮೇಲೆ ಬಾರ್ ಸ್ಟಾಕ್ ತರೋಕೆ ಲಿಮಿಟ್ ಇಲ್ಲದೇ ಒದ್ದಾಡ್ತಾರೆ.

ಆಗಿಹೋಗಿದ್ರೆ ಒಂದು ದಾರಿ ಇದೆ, ಸಿಸಿಯಲ್ಲಿ ಹೀಗೆ ಸಿಕ್ಕಿಕೊಂಡ ಭಾಗವನ್ನ ಬೇರೆ ಮಾಡಿ ವರ್ಕಿಂಗ್ ಕ್ಯಾಪಿಟಲ್ ಟರ್ಮ್ ಲೋನ್ ಅಂತ ಕಂತಿನ ಮೇಲೆ ಹಾಕಿಸ್ಕೊಳ್ಳೋದು. ಆಗ ಅದರ ಒಂದು ವರ್ಷದ ಕಂತು ಮಾತ್ರ ಕರೆಂಟ್. ಆದ್ರೆ ಖಾತೆ ಆಗಲೇ ಕಷ್ಟದಲ್ಲಿದ್ದು ಆಮೇಲೆ ಇದನ್ನ ಕೇಳಿದ್ರೆ ಬ್ಯಾಂಕು ಇದನ್ನ ರಿಸ್ಟ್ರಕ್ಚರಿಂಗ್ ಅಂತ ಪರಿಗಣಿಸೋ ಸಾಧ್ಯತೆ ಇದೆ, ಅದರ ಪರಿಣಾಮ ಬೇರೆ, ಕಂತು ಬಡ್ಡಿ ಎಲ್ಲಾ ಸರಿಯಾಗಿ ಹೋಗ್ತಿರೋವಾಗಲೇ ಮಾತಾಡಿ.

ಮಾರ್ಚಲ್ಲಿ ಲೋನ್ ಡ್ಯೂ ಇತ್ತು, ಏಪ್ರಿಲ್ 20ಕ್ಕೆ ಬ್ಯಾಂಕು ಮೂರು ವರ್ಷಕ್ಕೆ ರಿಶೆಡ್ಯೂಲ್ ಮಾಡಿಕೊಟ್ರು. ಬ್ಯಾಲೆನ್ಸ್ ಶೀಟ್ ಇನ್ನೂ ಸಹಿ ಆಗಿಲ್ಲ, ನಾನ್-ಕರೆಂಟ್ ತೋರಿಸಬಹುದಲ್ವಾ?

ಇಲ್ಲ. ಬ್ಯಾಲೆನ್ಸ್ ಶೀಟ್ ಮಾರ್ಚ್ 31ರ ರಾತ್ರಿಯ ಫೋಟೋ, ಆ ಹೊತ್ತಿಗೆ ನಿಮ್ಮ ಕೈಲಿ ಮುಂದೂಡೋ ಹಕ್ಕು ಇರಲಿಲ್ಲ. ಏಪ್ರಿಲ್‌ನ ಒಪ್ಪಂದವನ್ನ ನೋಟ್ಸಲ್ಲಿ ಬರೆಯಿರಿ, ಓದೋರಿಗೆ ಗೊತ್ತಾಗಲಿ, ಆದ್ರೆ ನಂಬರ್ ಕದಲಲ್ಲ. ಬ್ಯಾಂಕು ಮಾರ್ಚ್ 28ಕ್ಕೇ ಸ್ಯಾಂಕ್ಷನ್ ಲೆಟರ್ ಕೊಟ್ಟು ನೀವು ಒಪ್ಕೊಂಡು ಸಹಿ ಮಾಡಿದ್ರೆ ಕತೆ ಬೇರೆ. ಮ್ಯಾನೇಜರ್ ಫೋನಲ್ಲಿ "ಆಗತ್ತೆ ಬಿಡಿ" ಅಂದಿದ್ರು ಅನ್ನೋದು ಹಕ್ಕಲ್ಲ.

ಉಲ್ಟಾನೂ ಕೇಳ್ತಾರೆ: ಮೂರು ವರ್ಷ ಇರೋ ಲೋನನ್ನ ಬರೋ ಜೂನಲ್ಲಿ ಮುಂಚಿತವಾಗಿ ತೀರಿಸ್ತೀವಿ, ಕರೆಂಟಾ ಅಂತ. ತೀರಿಸೋದು ನಿಮ್ಮ ಇಷ್ಟ, ಮುಂದೂಡೋ ಹಕ್ಕು ಹಾಗೇ ಇದೆ. ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಎಎಸ್ 1 ಇದನ್ನ ಬಿಡಿಸಿ ಹೇಳತ್ತೆ, ಮ್ಯಾನೇಜ್‌ಮೆಂಟಿನ ಉದ್ದೇಶ ಏನೇ ಇದ್ರೂ ವರ್ಗೀಕರಣ ಹಕ್ಕಿನ ಮೇಲೆ.

ಸ್ಯಾಂಕ್ಷನ್ ಲೆಟರಲ್ಲಿ ಕರೆಂಟ್ ರೇಶಿಯೋ 1.20ಕ್ಕಿಂತ ಕೆಳಗೆ ಬಂದ್ರೆ ಪೂರ್ತಿ ಸಾಲ ವಾಪಸ್ ಕೇಳಬಹುದು ಅಂತಿದೆ. ನಮ್ಮದು 1.03 ಬಂದಿದೆ. ಟರ್ಮ್ ಲೋನ್ ಪೂರ್ತಿ ಕರೆಂಟ್ ಆಗಿಬಿಡತ್ತಾ?

ಇದು ಸುಳಿ. ರೇಶಿಯೋ ಬಿದ್ದದ್ದಕ್ಕೆ ಸಾಲ ಕರೆಂಟ್ ಆಗತ್ತೆ, ಸಾಲ ಕರೆಂಟ್ ಆದದ್ದಕ್ಕೆ ರೇಶಿಯೋ ಇನ್ನೂ ಬೀಳತ್ತೆ. ಉಳಿದ 76 ಲಕ್ಷ ಈ ಕಡೆ ಬಂದ್ರೆ 214+76=290, ರೇಶಿಯೋ 0.76. ಮೇಲೆ ಮೊದಲಿಗೆ 1.47 ಅಂದಿದ್ದು ಇದೇ ಕಂಪನಿ.

ಆಗಲೇಬೇಕಾ ಅನ್ನೋದು ಯಾವ ರೂಲ್ ಬುಕ್ ಅನ್ನೋದರ ಮೇಲೆ. ದೊಡ್ಡ ಕಂಪನಿಗಳ ಲೆಕ್ಕದ ನಿಯಮಗಳಾದ ಇಂಡ್ ಎಎಸ್ ಅನ್ವಯಿಸದ ಸಣ್ಣ ಕಂಪನಿಗಳಿಗೆ, ಸಿಎಗಳ ಸಂಸ್ಥೆ ಐಸಿಎಐನ ಗೈಡೆನ್ಸ್ ನೋಟ್ ಸ್ವಲ್ಪ ಉಸಿರಾಡೋಕೆ ಬಿಡತ್ತೆ. ಇಂಥ ಷರತ್ತುಗಳನ್ನ ನಮ್ಮಲ್ಲಿ ಬ್ಯಾಂಕುಗಳು ಮುನ್ನೆಚ್ಚರಿಕೆಗೆ ಅಂತ ಹಾಕಿರ್ತಾರೆ, ಸಣ್ಣಪುಟ್ಟ ಉಲ್ಲಂಘನೆಗೆ ಸಾಲ ವಾಪಸ್ ಕೇಳೋದು ಕಮ್ಮಿ, ಆದ್ದರಿಂದ ಲೆಕ್ಕಪತ್ರ ಅನುಮೋದನೆ ಆಗೋ ತನಕ ಬ್ಯಾಂಕು ಸಾಲವನ್ನ ನಿಜವಾಗಿ ವಾಪಸ್ ಕೇಳಿಲ್ಲ ಅಂದ್ರೆ ನಾನ್-ಕರೆಂಟ್ ಅಂತಲೇ ಮುಂದುವರಿಸಬಹುದು ಅಂತ ಅದರ ಸಾರ. ಕೇಳಿಬಿಟ್ಟಿದ್ರೆ ಕರೆಂಟ್. ಗಮನಿಸಿ, ಈ ರಿಯಾಯಿತಿ ಸಣ್ಣ ಉಲ್ಲಂಘನೆಗೆ, ಕಂತೇ ಕಟ್ಟದೆ ಕೂತಿದ್ರೆ ಅದನ್ನ ಸಣ್ಣದು ಅನ್ನೋಕಾಗಲ್ಲ.

ಅಂತರರಾಷ್ಟ್ರೀಯ ಐಎಎಸ್ 1 ಇಷ್ಟು ಉದಾರ ಅಲ್ಲ. ಅಲ್ಲಿ ವರ್ಷದ ಕೊನೆಗೆ ಮುಂಚೆ ಷರತ್ತು ಮುರಿದು ಸಾಲ ಡಿಮಾಂಡ್ ಮೇಲೆ ಬಂದಿದ್ರೆ, ಬ್ಯಾಂಕು ಆಮೇಲೆ "ಪರವಾಗಿಲ್ಲ" ಅಂತ ಪತ್ರ ಕೊಟ್ರೂ ಅದು ಕರೆಂಟೇ, ಪತ್ರ ವರ್ಷದ ಕೊನೆಯ ಒಳಗೇ ಬಂದಿರಬೇಕು. 2024 ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ, ವರ್ಷದ ಕೊನೆಯ ನಂತರದ ದಿನಗಳಲ್ಲಿ ಮಾತ್ರ ಪಾಲಿಸಬೇಕಾದ ಷರತ್ತುಗಳು ವರ್ಗೀಕರಣ ಬದಲಿಸಲ್ಲ, ಆದ್ರೆ ಮುಂದಿನ 12 ತಿಂಗಳಲ್ಲಿ ಮುರಿಯೋ ಅಪಾಯ ಇದ್ರೆ ನೋಟ್ಸಲ್ಲಿ ಹೇಳಬೇಕು ಅಂತಾಯ್ತು. ದುಬೈಲೋ ಸಿಂಗಾಪುರದಲ್ಲೋ ಅಕೌಂಟ್ಸ್ ಮಾಡೋ ನಮ್ಮವರು ಇದನ್ನ ಊರಿನ ಅಭ್ಯಾಸದ ಜೊತೆ ಕಲಸಿಕೊಳ್ಳಬೇಡಿ. ಇಂಡ್ ಎಎಸ್ ಕಂಪನಿಯವರು ಆ ವರ್ಷಕ್ಕೆ ಜಾರಿಯಲ್ಲಿರೋ ಇಂಡ್ ಎಎಸ್ 1 ಪಠ್ಯವನ್ನೇ ತೆಗೆದು ನೋಡಬೇಕು.

ವ್ಯವಹಾರದ ಮಟ್ಟದಲ್ಲಿ ಮಾಡಬೇಕಾದ್ದು ಒಂದೇ, ಫೆಬ್ರವರಿಲೇ ಅಂದಾಜು ರೇಶಿಯೋ ಹಾಕಿ, ಬೀಳೋ ಹಾಗೆ ಕಂಡ್ರೆ ಮಾರ್ಚ್ ಒಳಗೇ ಬ್ಯಾಂಕಿಗೆ ಬರೆದು ಲಿಖಿತ ವಿನಾಯಿತಿ ತಗೊಳ್ಳಿ. ಈ ಕಂಪನಿಯಲ್ಲಂತೂ ತಂದೆ ಸಾಲದ ಒಂದು ಕಾಗದ ಇದ್ದಿದ್ರೆ 1.26, ಷರತ್ತು ಮುರೀತಾನೇ ಇರ್ಲಿಲ್ಲ.

ಬಿಲ್ಡರ್ ಕಂಪನಿಯ ಬ್ಯಾಲೆನ್ಸ್ ಶೀಟ್ ನೋಡ್ತಿದೀನಿ, ಮೂರು ವರ್ಷ ಆದ್ಮೇಲೆ ಕೊಡೋ ಫ್ಲ್ಯಾಟಿನ ಅಡ್ವಾನ್ಸೂ ಕರೆಂಟ್ ಲಯಬಿಲಿಟಿಲಿದೆ. ಇದು ತಪ್ಪಲ್ವಾ?

ತಪ್ಪಲ್ಲ. ಮೊದಲ ಪ್ರಶ್ನೆಯಲ್ಲಿ ಹೇಳಿದ ಆಪರೇಟಿಂಗ್ ಸೈಕಲ್ ಇಲ್ಲಿ ಕೆಲಸ ಮಾಡತ್ತೆ. ಜಾಗ ಕೊಂಡು, ಪ್ಲಾನ್ ಸ್ಯಾಂಕ್ಷನ್ ಆಗಿ, ಕಟ್ಟಿ, ಫ್ಲ್ಯಾಟ್ ಕೊಟ್ಟು ದುಡ್ಡು ಕೈಗೆ ಬರೋಕೆ ಮೂರು ನಾಲ್ಕು ವರ್ಷ ಬೇಕಾದ ವ್ಯವಹಾರದಲ್ಲಿ ಅಷ್ಟೂ ಅವಧಿ ಒಂದು ಸೈಕಲ್. ಅಡ್ವಾನ್ಸ್ ಕರೆಂಟು, ಹಾಗೇ ಅರ್ಧ ಕಟ್ಟಿದ ಕಟ್ಟಡವೂ ಸ್ಟಾಕ್ ಅಂತ ಕರೆಂಟ್ ಅಸೆಟ್ಟಲ್ಲೇ. ಆದ್ರೆ ಬ್ಯಾಂಕಿಂದ ತಗೊಂಡ ದೀರ್ಘಾವಧಿ ಸಾಲಕ್ಕೆ ಈ ಸೈಕಲ್ ನಿಯಮ ಸುಮ್ನೆ ಹಚ್ಚೋ ಹಾಗಿಲ್ಲ, ಅದಕ್ಕೆ ಸಾಮಾನ್ಯವಾಗಿ 12 ತಿಂಗಳ ಲೆಕ್ಕವೇ.

ಹಾಗಾಗಿ ಬಿಲ್ಡರ್‌ನ 1.5ನ್ನ ಮಷೀನಿಂಗ್ ಕಂಪನಿಯ 1.5 ಜೊತೆ ಹೋಲಿಸಬೇಡಿ. ಇವರ ಕರೆಂಟ್ ಅಸೆಟ್ ಮೂರು ತಿಂಗಳಲ್ಲಿ ದುಡ್ಡಾಗತ್ತೆ, ಅವರದ್ದು ಓಸಿ ಸಿಗೋ ತನಕ ನಿಂತಿರಬಹುದು, ಮತ್ತೆ ಅಲ್ಲಿ ಗಿರಾಕಿ ಅಡ್ವಾನ್ಸು ದುಡ್ಡಲ್ಲಿ ವಾಪಸ್ ಹೋಗೋದಲ್ಲ, ಫ್ಲ್ಯಾಟ್ ಆಗಿ ತೀರೋದು. ಬುಕಿಂಗ್ ಜೋರಾಗಿ ಬಂದ ವರ್ಷ ಅಡ್ವಾನ್ಸ್ ಏರಿ ರೇಶಿಯೋ ಒಂದರ ಕಡೆ ಜಾರತ್ತೆ, ಅದು ಕೆಟ್ಟ ಸುದ್ದಿ ಅಲ್ಲ. ಇಂಥ ಕಂಪನಿಲಿ ರೇಶಿಯೋ ಬಿಟ್ಟು ಪಾಲಿಸಿ ನೋಟ್ ತೆಗೆದು ಸೈಕಲ್ ಎಷ್ಟು ವರ್ಷ ಅಂತ ಹಾಕಿದಾರೆ, 12 ತಿಂಗಳ ಒಳಗೆ ಡ್ಯೂ ಇರೋ ಬ್ಯಾಂಕ್ ಸಾಲ ಎಷ್ಟು, ಅದರ ಎದುರು ಕೈಯಲ್ಲಿರೋ ಕ್ಯಾಶ್ ಎಷ್ಟು, ಈ ಮೂರನ್ನ ನೋಡಿ.

ಹೋದ ವರ್ಷ 1.47 ಇತ್ತು, ಈ ವರ್ಷ 1.03. ನೋಟ್ಸಲ್ಲಿ ಏನಾದ್ರೂ ಬರೀಬೇಕಾ?

ಬರೀಬೇಕು. 2021ರ ಅದೇ ತಿದ್ದುಪಡಿಯಿಂದ ಕಂಪನಿಗಳು ಕರೆಂಟ್ ರೇಶಿಯೋ ಸೇರಿದಂತೆ ಕೆಲವು ರೇಶಿಯೋಗಳನ್ನ ನೋಟ್ಸಲ್ಲಿ ಕೊಡಬೇಕು, ಹಿಂದಿನ ವರ್ಷಕ್ಕಿಂತ ಶೇಕಡ 25ಕ್ಕಿಂತ ಹೆಚ್ಚು ಬದಲಾದ್ರೆ ಕಾರಣ ಹೇಳಬೇಕು. 1.47ರಿಂದ 1.03 ಅಂದ್ರೆ ಹತ್ತಿರ ಹತ್ತಿರ ಶೇಕಡ 30 ಇಳಿಕೆ. "ಕರೆಂಟ್ ಲಯಬಿಲಿಟಿ ಜಾಸ್ತಿ ಆದ್ದರಿಂದ ರೇಶಿಯೋ ಕಮ್ಮಿ ಆಗಿದೆ" ಅಂತ ಬರೆಯೋರೇ ಜಾಸ್ತಿ, ಅದು ಮಳೆ ಬಂದದ್ದರಿಂದ ಒದ್ದೆ ಆಯ್ತು ಅಂದಂಗೆ. ಹೋದ ವರ್ಷ ಡೈರೆಕ್ಟರ್ ಸಾಲ 40 ಲಕ್ಷವನ್ನೂ ಟರ್ಮ್ ಲೋನಿನ ಕಂತನ್ನೂ ಲಾಂಗ್ ಟರ್ಮ್‌ನಲ್ಲಿ ತೋರಿಸಿತ್ತು, ಈ ವರ್ಷ ಕರೆಂಟಿಗೆ ತಂದಿದೀವಿ ಅಂತ ಮೊತ್ತ ಸಮೇತ ಬರೆಯಿರಿ, ಹೋದ ವರ್ಷದ ಅಂಕಿಯನ್ನೂ ಅದೇ ರೀತಿ ಮರುವಿಂಗಡಣೆ ಮಾಡಿ ಪಕ್ಕದ ಕಾಲಂಗೆ ಹಾಕಿ. ಹಾಗೆ ಮಾಡಿದ್ರೆ ಹೋದ ವರ್ಷದ್ದೂ 1.47 ಆಗಿ ಉಳಿಯಲ್ಲ, ವಿವರಣೆ ಬರೀಬೇಕಾ ಬೇಡ್ವಾ ಅನ್ನೋದು ಆ ಹೊಸ ಅಂಕಿ ಮೇಲೆ ನಿಲ್ಲತ್ತೆ.